ಸಬ್‌ಮೀಟರ್ ಸುತ್ತುವುದು ಯಾರಿಗಾಗಿ? ಬಾಡಿಗೆದಾರ ಕೇಳಿದ್ದು ಎರಡು ಫೋಟೋ, ಒಂದು ರೇಟು

ಕರಿಘಟ್ಟ: ಬೆಟ್ಟದ ಮೇಲೆ ಶ್ರೀನಿವಾಸ, ಕೆಳಗೆ ಲೋಕಪಾವನಿ. ಆಚೆ ಶ್ರೀರಂಗಪಟ್ಟಣ, ಗಂಜಾಂ, ಬಾಬುರಾಯನಕೊಪ್ಪಲು, ಕಿರಂಗೂರು. ಬೆಳಗಾದರೆ ಬಸ್ಸು ಹತ್ತಿ ಮೈಸೂರಿಗೋ ಮಂಡ್ಯಕ್ಕೋ ಕೆಲಸಕ್ಕೆ ಹೋಗುವ ಜನ ಈ ಕಡೆ ಬಾಡಿಗೆ ಮನೆಗಳಲ್ಲಿ ತುಂಬಿದ್ದಾರೆ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂಬುದು ಮನೆ ನೋಡಿದ ದಿನವೇ ಗೊತ್ತಾಗುತ್ತದೆ. ಕರೆಂಟಿನ ಲೆಕ್ಕ ಮಾತ್ರ ತಿಂಗಳು ಕಳೆದ ಮೇಲೆ, ಒಂದು ತುಂಡು ಚೀಟಿಯಲ್ಲಿ ಬರುತ್ತದೆ: ‘60 ಯೂನಿಟ್, 600 ರೂ.’ ಅಷ್ಟೇ. ಹಿಂದಿನ ರೀಡಿಂಗ್ ಎಷ್ಟು, ಈಗಿನದು ಎಷ್ಟು, ಯೂನಿಟ್ಟಿಗೆ ಹತ್ತು ರೂಪಾಯಿ ಎಲ್ಲಿಂದ ಬಂತು ಎಂಬುದಕ್ಕೆ ಚೀಟಿಯಲ್ಲಿ ಜಾಗವಿಲ್ಲ.

“ಅಣ್ಣಾ, ಮೀಟರಿನ ಫೋಟೋ ಕಳಿಸ್ತೀರಾ? ಯೂನಿಟ್ಟಿಗೆ ಎಷ್ಟು ಹಾಕಿದ್ದೀರಿ?” ಎಂದು ಬಾಡಿಗೆದಾರ ಕೇಳಿದನೋ, ಮನೆಯ ಗಾಳಿಯೇ ಬದಲಾಗುತ್ತದೆ. “ಯಾಕಪ್ಪಾ, ನಮ್ಮ ಮೇಲೆ ನಂಬ್ಕೆ ಇಲ್ವಾ?” ಎಂಬ ಉತ್ತರ ಸಿದ್ಧ. ಇದು ಯಾವುದೋ ಒಂದು ಮನೆಯ ಕಥೆಯಲ್ಲ; ಒಂದು ಮೀಟರಿನ ಹಿಂದೆ ಮೂರು ಒಲೆ ಉರಿಯುವ ಕಡೆಯೆಲ್ಲ ಕೇಳಿಬರುವ ಮಾತು. ನಂಬಿಕೆಯ ಪ್ರಶ್ನೆ ಪಕ್ಕಕ್ಕಿಡೋಣ. ಇದು ಕೂಡಿಸಿ ಕಳೆಯುವ ಲೆಕ್ಕ. ಅದನ್ನು ಕೂತು ಮಾಡಿದರೆ ಮಾಲೀಕ ಹೇಳುವುದರಲ್ಲೂ ಸ್ವಲ್ಪ ನ್ಯಾಯವಿದೆ, ಬಾಡಿಗೆದಾರ ಕೇಳುವುದರಲ್ಲೂ ನ್ಯಾಯವಿದೆ ಎಂಬುದು ತಿಳಿಯುತ್ತದೆ.

ಯಾರ ಮೀಟರು?

ಮನೆಯ ಮುಂದಿನ ಗೋಡೆಯಲ್ಲಿರುವ ದೊಡ್ಡ ಮೀಟರು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು, ಅಂದರೆ ಸೆಸ್ಕ್‌ನದು. ಜನರ ಬಾಯಲ್ಲಿ ಅದು ಇವತ್ತಿಗೂ ಕೆ.ಇ.ಬಿ. ಮೀಟರೇ. ಅದಕ್ಕೊಂದು ಆರ್.ಆರ್. ನಂಬರ್ ಇದೆ. ಬಿಲ್ಲು ಬರುವುದು, ಹಣ ಕಟ್ಟುವುದು, ರಸೀದಿ ಸಿಗುವುದು ಎಲ್ಲವೂ ಆ ನಂಬರಿನ ಮೇಲೆ. ಒಳಗೆ ಬಾಡಿಗೆದಾರನ ಬಾಗಿಲ ಮೇಲೆ ಇರುವ ಸಣ್ಣ ಮೀಟರು ಮಾಲೀಕರು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೊಂಡು ತಂದು ಹಾಕಿಸಿದ್ದು. ಅದಕ್ಕೆ ಆರ್.ಆರ್. ನಂಬರಿಲ್ಲ. ಸೆಸ್ಕ್‌ನ ಮೀಟರ್ ರೀಡರ್ ಅದರ ಮುಖ ನೋಡುವುದಿಲ್ಲ. ಅದು ಓಡುತ್ತಿದೆ ಎಂದು ದೂರು ಕೊಟ್ಟರೆ ‘ಅದು ನಿಮ್ಮ ನಿಮ್ಮೊಳಗಿನ ವಿಚಾರ’ ಎನ್ನುವ ಮಾತೇ ಬರುವುದು.

ಹೀಗಾಗಿ ಫೋಟೋಗೆ ಬೆಲೆ. ದೊಡ್ಡ ಮೀಟರಿಗೆ ಮಿಷನ್ನಿನಲ್ಲಿ ಬರುವ ಬಿಲ್ಲಿದೆ. ಅದರಲ್ಲಿ ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಬಳಸಿದ ಯೂನಿಟ್ ಅಚ್ಚಾಗಿರುತ್ತವೆ. ಸಣ್ಣ ಮೀಟರಿಗೆ ಅಂಥ ಯಾವ ದಾಖಲೆಯೂ ಇಲ್ಲ. ತಿಂಗಳ ಆರಂಭದ ಒಂದು ಫೋಟೋ, ಕೊನೆಯ ಒಂದು ಫೋಟೋ, ಇವೇ ಅದರ ಬಿಲ್ಲು, ಇವೇ ಅದರ ಸಾಕ್ಷಿ.

ಫೋಟೋದಲ್ಲಿ ಏನು ನೋಡಬೇಕು?

ಮೊದಲ ತಗಾದೆ ಹುಟ್ಟುವುದು ಮನೆಗೆ ಬಂದ ದಿನವೇ. ಹಾಲು ಉಕ್ಕಿಸುವ ಗಡಿಬಿಡಿಯಲ್ಲಿ ಮೀಟರು ನೋಡುವವರು ಯಾರು? ಹಳೆಯ ಬಾಡಿಗೆದಾರ ಬಿಟ್ಟುಹೋದ ಮೇಲೆ ಸುಣ್ಣ ಬಣ್ಣ ಬಳಿಸುವಾಗ ಉರಿದ ದೀಪ, ಟೈಲ್ಸ್ ಕೊಯ್ದ ಮಿಷನ್ನು, ಎಲ್ಲವೂ ಹೊಸಬನ ಮೊದಲ ತಿಂಗಳ ಲೆಕ್ಕಕ್ಕೆ ಸೇರುತ್ತವೆ. ಬೀಗದ ಕೈ ಇಸಿದುಕೊಂಡ ದಿನ ಮಾಲೀಕರ ಎದುರಲ್ಲೇ ಒಂದು ಫೋಟೋ ತೆಗೆದು ಅವರಿಗೂ ಕಳಿಸಿದರೆ ಈ ಜಗಳ ಹುಟ್ಟುವುದೇ ಇಲ್ಲ.

ಎರಡನೆಯದು ಅಂಕಿ ಓದುವುದು. ಹಲ್ಲುಚಕ್ರದ ಸಣ್ಣ ಮೀಟರುಗಳಲ್ಲಿ ಕೊನೆಯ ಅಂಕಿ ಕೆಂಪಾಗಿರುತ್ತದೆ. ಅದು ಯೂನಿಟ್ಟಲ್ಲ, ಯೂನಿಟ್ಟಿನ ಹತ್ತನೇ ಒಂದು ಭಾಗ. ಕಪ್ಪಿನಲ್ಲಿ 4126, ಕೆಂಪಿನಲ್ಲಿ 3 ಇದ್ದರೆ ರೀಡಿಂಗ್ 4126.3. ಮುಂದಿನ ತಿಂಗಳು 4186.8 ಆದರೆ ಸುಟ್ಟಿದ್ದು 60.5 ಯೂನಿಟ್. ಕೆಂಪನ್ನೂ ಸೇರಿಸಿ ಓದಿಬಿಟ್ಟರೆ ಅದೇ 605 ಆಗುತ್ತದೆ! ಗಾಜಿನ ಪರದೆಯ ಡಿಜಿಟಲ್ ಮೀಟರಾದರೆ ಇನ್ನೊಂದು ಪೇಚು. ಕೆಲವು ಮೀಟರುಗಳಲ್ಲಿ ಅಂಕಿಗಳು ಸರದಿಯ ಮೇಲೆ ಬರುತ್ತವೆ: ಒಮ್ಮೆ ವೋಲ್ಟೇಜು, ಒಮ್ಮೆ ಆಂಪಿಯರ್, ಒಮ್ಮೆ ಯೂನಿಟ್. ಪಕ್ಕದಲ್ಲಿ kWh ಎಂದು ಕಾಣುವಾಗ ತೆಗೆದ ಫೋಟೋ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಮೂರನೆಯದು ತಾರೀಕು. ಸೆಸ್ಕ್‌ನವರು ದೊಡ್ಡ ಮೀಟರು ಓದಿದ ದಿನವೇ ಸಣ್ಣ ಮೀಟರನ್ನೂ ಓದಬೇಕು. ದೊಡ್ಡದನ್ನು 5ನೇ ತಾರೀಕು, ಸಣ್ಣದನ್ನು 12ನೇ ತಾರೀಕು ಓದಿದರೆ ಎರಡೂ ತಾಳೆಯಾಗುವುದಿಲ್ಲ. ಫೋಟೋದಲ್ಲಿ ಮೀಟರಿನ ಮೇಲಿರುವ ಸೀರಿಯಲ್ ನಂಬರೂ ಕಾಣಬೇಕು. ಒಂದೇ ಹಲಗೆಯ ಮೇಲೆ ಮೂರು ಸಣ್ಣ ಮೀಟರು ಸಾಲಾಗಿ ಇರುವಾಗ ಪಕ್ಕದ ಮನೆಯ ಅಂಕಿ ಇವರ ಚೀಟಿಗೆ ಬಂದುಬಿಡುವುದು ಹೊಸದೇನಲ್ಲ.

ಹತ್ತು ರೂಪಾಯಿ ನ್ಯಾಯವೋ, ಅನ್ಯಾಯವೋ?

ಇನ್ನು ರೇಟು. ಲೆಕ್ಕಕ್ಕಾಗಿ ಒಂದು ಮನೆ ಇಟ್ಟುಕೊಳ್ಳೋಣ. ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ ಸಂಸಾರ. ಮಂಜೂರಾದ ಲೋಡು 3 ಕಿಲೋವ್ಯಾಟ್. ತಿಂಗಳಿಗೆ ದೊಡ್ಡ ಮೀಟರಿನಲ್ಲಿ ಒಟ್ಟು 250 ಯೂನಿಟ್. ಒಬ್ಬ ಬಾಡಿಗೆದಾರನದು 60, ಇನ್ನೊಬ್ಬನದು 55, ನೀರಿನ ಮೋಟಾರು 15, ಮಾಲೀಕರದು 120.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025-26ಕ್ಕೆ ಗೊತ್ತುಮಾಡಿದ ಗೃಹಬಳಕೆ ದರದಲ್ಲಿ ಯೂನಿಟ್ಟಿಗೆ 5 ರೂ. 80 ಪೈಸೆ. ನಿಗದಿತ ಶುಲ್ಕ ಕಿಲೋವ್ಯಾಟಿಗೆ 145 ರೂ. ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್ಟಿಗೆ 36 ಪೈಸೆ. ಇದರ ಮೇಲೆ ವಿದ್ಯುತ್ ಶುಲ್ಕಕ್ಕೆ ಶೇ. 9 ತೆರಿಗೆ. ತಿಂಗಳಿಂದ ತಿಂಗಳಿಗೆ ಏರಿಳಿಯುವ ಇಂಧನ ಹೊಂದಾಣಿಕೆ ಬಾಬ್ತನ್ನು ಇಲ್ಲಿ ಬಿಟ್ಟಿದೆ. ಬಿಲ್ಲಿನಲ್ಲಿದ್ದರೆ ಅದನ್ನೂ ಕೂಡಿಸಿಕೊಳ್ಳಬೇಕು.

ಈಗ ಕೂಡಿಸೋಣ. 250 ಯೂನಿಟ್ಟಿಗೆ ವಿದ್ಯುತ್ ಶುಲ್ಕ 1,450 ರೂ. ಪಿಂಚಣಿ ಬಾಬ್ತು 90 ರೂ. ತೆರಿಗೆ 130 ರೂ. 50 ಪೈಸೆ. ಇವು ಮೂರೂ ಸೇರಿ 1,670 ರೂ. 50 ಪೈಸೆ. ಇದನ್ನು 250ರಿಂದ ಭಾಗಿಸಿದರೆ ಯೂನಿಟ್ಟಿಗೆ 6 ರೂ. 68 ಪೈಸೆ. ಇದೇ ಉರಿಸಿದ ಕರೆಂಟಿನ ನಿಜವಾದ ರೇಟು. ನಿಗದಿತ ಶುಲ್ಕ 435 ರೂ. ಬೇರೆ. ಅದು ಒಂದು ಯೂನಿಟ್ ಸುಡದಿದ್ದರೂ ಕಟ್ಟಲೇಬೇಕಾದ ಹಣ.

60 ಯೂನಿಟ್ ಸುಟ್ಟ ಬಾಡಿಗೆದಾರ ಎಷ್ಟು ಕೊಡಬೇಕು? ಕರೆಂಟಿಗೆ 401 ರೂ. ಮೋಟಾರಿನ ಮೂರನೇ ಒಂದು ಪಾಲು, ಅಂದರೆ 5 ಯೂನಿಟ್ಟಿಗೆ 33 ರೂ. ನಿಗದಿತ ಶುಲ್ಕವನ್ನು ಮೂರು ಮನೆಗೂ ಸಮ ಹಂಚಿದರೆ 145 ರೂ. ಒಟ್ಟು 579 ರೂ. ಮಾಲೀಕರು ಹೇಳಿದ 600ಕ್ಕೂ ಇದಕ್ಕೂ ಅಂತರ 21 ರೂಪಾಯಿ. ಅಂದರೆ ‘ಹತ್ತು ರೂಪಾಯಿ’ ಎಂದ ಕೂಡಲೇ ಸುಲಿಗೆ ಎಂದು ಕೂಗುವ ಹಾಗಿಲ್ಲ.

ಹಾಗಂತ ಎಲ್ಲವೂ ಸರಿ ಎಂದೂ ಅಲ್ಲ. ಹಲವು ಕಡೆ ಹತ್ತು ರೂಪಾಯಿ ಹಿಡಿದ ಮೇಲೆ ‘ಮೋಟಾರ್ ಚಾರ್ಜು’ ಎಂದು ಇನ್ನೊಂದು ನೂರು, ‘ಮೆಟ್ಟಿಲ ಲೈಟು’ ಎಂದು ಇನ್ನೊಂದು ಐವತ್ತು ಬರುತ್ತದೆ. ಆಗ 600 ಹೋಗಿ 750 ಆಯಿತು. ಒಂದೇ ಬಾಬ್ತಿಗೆ ಎರಡು ಸಾರಿ ಹಣ! ಆದ್ದರಿಂದ ಬಾಡಿಗೆದಾರ ಕೇಳಬೇಕಾದ್ದು ‘ಹತ್ತು ಯಾಕೆ?’ ಎಂದಲ್ಲ, ‘ಹತ್ತರಲ್ಲಿ ಏನೇನು ಸೇರಿದೆ?’ ಎಂದು. ಹಳೆಯ ಬಾಕಿ, ಅದರ ಬಡ್ಡಿ, ಸೆಸ್ಕ್ ಕೇಳಿದ ಹೆಚ್ಚುವರಿ ಠೇವಣಿ ಇವು ಬಿಲ್ಲಿನಲ್ಲಿದ್ದರೆ ಅವು ಮಾಲೀಕರ ಲೆಕ್ಕ. ಠೇವಣಿಯಂತೂ ಅವರ ಹೆಸರಿನಲ್ಲೇ ಉಳಿಯುವ ದುಡ್ಡು.

ಈ ಹತ್ತರ ಅಭ್ಯಾಸ ಹುಟ್ಟಿದ್ದಕ್ಕೂ ಕಾರಣವಿದೆ. ಮೊದಲು ದರಕ್ಕೆ ಮೆಟ್ಟಿಲುಗಳಿದ್ದವು. 2023ರಲ್ಲೂ ತಿಂಗಳಿಗೆ 100 ಯೂನಿಟ್ ದಾಟಿದ ಮನೆಗೆ ಅಷ್ಟಕ್ಕೂ ಯೂನಿಟ್ಟಿಗೆ 7 ರೂಪಾಯಿ ಬೀಳುತ್ತಿತ್ತು. ಮೂರು ಸಂಸಾರ ಒಂದೇ ಮೀಟರಿನಲ್ಲಿದ್ದರೆ 100 ದಾಟುವುದು ಗ್ಯಾರಂಟಿ. 2024ರ ಏಪ್ರಿಲ್‌ನಿಂದ ಮೆಟ್ಟಿಲು ಹೋಗಿ ಎಲ್ಲರಿಗೂ 5 ರೂ. 90 ಪೈಸೆಯ ಒಂದೇ ದರ ಬಂತು, 2025ರಲ್ಲಿ ಅದು ಇನ್ನೂ 10 ಪೈಸೆ ಇಳಿಯಿತು. ನಿಗದಿತ ಶುಲ್ಕ ಏರಿದ್ದೂ ನಿಜ. ಆದರೆ ಎಷ್ಟೋ ಮನೆಗಳಲ್ಲಿ ಯಾರೂ ಮತ್ತೆ ಕೂತು ಭಾಗಿಸಲಿಲ್ಲ. ರೇಟು ಎಂದೋ ಹೇಳಿದ್ದು, ಇಂದಿಗೂ ಅದೇ.

ಗೃಹಜ್ಯೋತಿಯ ಗಂಟು

ಈ ಹಳೆಯ ತಗಾದೆಗೆ 2023ರ ಗೃಹಜ್ಯೋತಿ ಹೊಸ ಗಂಟು ಹಾಕಿತು. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಅಷ್ಟರವರೆಗೆ ಬಿಟ್ಟಿ. ಗರಿಷ್ಠ ಮಿತಿ 200 ಯೂನಿಟ್. ಸಣ್ಣ ಬಳಕೆದಾರರಿಗೆ, ಅಂದರೆ ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ, 2024ರಲ್ಲಿ ಶೇ. 10ರ ಬದಲು 10 ಯೂನಿಟ್ ಕೊಟ್ಟರು. ತನ್ನ ಪಾಲಿನ ಮಿತಿ ದಾಟಿದರೆ ದಾಟಿದ್ದಕ್ಕೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ಬಾಡಿಗೆದಾರರಿಗೂ ಯೋಜನೆ ಉಂಟು ಎಂದು ಸರ್ಕಾರ 2023ರ ಜೂನ್‌ನಲ್ಲೇ ಸ್ಪಷ್ಟಪಡಿಸಿತು. ಆದರೆ ಅರ್ಜಿ ಹಾಕಲು ಬೇಕಾದದ್ದು ಆರ್.ಆರ್. ನಂಬರು. ಸಬ್‌ಮೀಟರಿನವನಿಗೆ ಅದೆಲ್ಲಿಂದ ಬರಬೇಕು?

ಇದರಿಂದ ಎರಡು ಬಗೆಯ ಮನೆ ಹುಟ್ಟಿದವು. ಒಂದು, ಮಾಲೀಕರು ಮತ್ತು ಒಬ್ಬ ಬಾಡಿಗೆದಾರ ಇಬ್ಬರೂ ಸೇರಿ 150 ಯೂನಿಟ್ ಸುಡುವ ಮನೆ. ಹಳೆಯ ಸರಾಸರಿ 140 ಇದ್ದರೆ ಬಿಟ್ಟಿ ಮಿತಿ 154. ಬಿಲ್ಲು ಸೊನ್ನೆ. ಮಾಲೀಕರು ಸೆಸ್ಕ್‌ಗೆ ಒಂದು ಕಾಸೂ ಕಟ್ಟುವುದಿಲ್ಲ. ಹೀಗಿದ್ದೂ ಬಾಡಿಗೆದಾರನ 50 ಯೂನಿಟ್ಟಿಗೆ ಎಂಟರಂತೆ 400 ರೂಪಾಯಿ ವಸೂಲಾದರೆ ಅದು ಯಾವ ಲೆಕ್ಕ? ಅಲ್ಲಿ ಹಂಚಿಕೊಳ್ಳಲು ಖರ್ಚೇ ಇಲ್ಲ. ಸರ್ಕಾರ ಇಬ್ಬರಿಗೂ ಕೊಟ್ಟದ್ದು ಒಬ್ಬರ ಜೇಬಿಗೆ ಹೋಯಿತು, ಅಷ್ಟೇ. ಬಾಡಿಗೆದಾರ ದೊಡ್ಡ ಮೀಟರಿನ ಬಿಲ್ಲು ತೋರಿಸಿ ಎಂದಾಗ ಕೆಲವರು ಯಾಕೆ ಹಿಂಜರಿಯುತ್ತಾರೆ ಎಂಬುದಕ್ಕೆ ಉತ್ತರ ಇಲ್ಲೇ ಸಿಗುತ್ತದೆ.

ಇನ್ನೊಂದು, ಮೇಲೆ ಲೆಕ್ಕ ಹಾಕಿದ 250 ಯೂನಿಟ್ಟಿನ ಮನೆ. ಅಲ್ಲಿ ಮಾಲೀಕರ ಗೋಳು ಬೇರೆ. ಅವರೊಬ್ಬರೇ ಇದ್ದಿದ್ದರೆ 120 ಯೂನಿಟ್, ಬಿಟ್ಟಿ ಸಿಗುವ ಎಲ್ಲ ಸಾಧ್ಯತೆ ಇತ್ತು. ಬಾಡಿಗೆ ಸಂಸಾರಗಳು ಸೇರಿ 200 ದಾಟಿದ್ದರಿಂದ 2,105 ರೂ. 50 ಪೈಸೆಯ ಪೂರ್ತಿ ಬಿಲ್ಲು ಅವರ ತಲೆಗೆ ಬಂತು. “ನಿಮ್ಮಿಂದ ನಮ್ಮ ಫ್ರೀ ಕರೆಂಟೂ ಹೋಯ್ತು ಕಣಪ್ಪಾ” ಎಂಬ ಅವರ ಮಾತು ಸುಳ್ಳಲ್ಲ. ಆದರೆ ಬಾಡಿಗೆದಾರನ 60 ಯೂನಿಟ್ಟೂ ಪ್ರತ್ಯೇಕ ಆರ್.ಆರ್. ನಂಬರಿನಲ್ಲಿ ಇದ್ದಿದ್ದರೆ ಬಹುಪಾಲು ಬಿಟ್ಟಿಯೇ ಆಗುತ್ತಿತ್ತು. ಹಳೆಯ ಲೆಕ್ಕವಿಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿ 53 ಯೂನಿಟ್, ಶೇ. 10 ಸೇರಿ 58 ಎಂದು ಯೋಜನೆ ಬಂದಾಗ ಗೊತ್ತುಮಾಡಿದ್ದರು. ಒಂದೇ ಮೀಟರು ಇರುವುದರಿಂದ ಇಬ್ಬರಿಗೂ ನಷ್ಟ. ಆ ನಷ್ಟವನ್ನು ಒಬ್ಬರ ಮೇಲೊಬ್ಬರು ಹೊರಿಸುತ್ತಿದ್ದಾರೆ.

ಮೀಟರು ಸರಿಯೋ, ಲೈನು ಸರಿಯೋ?

ಫೋಟೋ ಸರಿ, ರೇಟು ಸರಿ, ಆದರೂ ಯೂನಿಟ್ ಜಾಸ್ತಿ ಬರುತ್ತಿದೆ ಎನ್ನುವವರಿಗೆ ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ.

ಮೊದಲನೆಯದಕ್ಕೆ ಮೇನ್ ಸ್ವಿಚ್ಚು ಹಾಕಿಯೇ ಇರಲಿ. ಫ್ರಿಜ್ಜು, ಟಿವಿ, ಚಾರ್ಜರು ಎಲ್ಲದರ ಪ್ಲಗ್ಗು ಕಿತ್ತು, ಎಲ್ಲ ದೀಪ ಆರಿಸಿ ಹದಿನೈದು ನಿಮಿಷ ಸಣ್ಣ ಮೀಟರಿನ ಕೆಂಪು ದೀಪ ನೋಡಬೇಕು. ಒಮ್ಮೆ ಮಿನುಗಿ ಸುಮ್ಮನಾದರೆ ಚಿಂತೆಯಿಲ್ಲ. ಮತ್ತೆ ಮತ್ತೆ ಮಿನುಗಿದರೆ ಈ ಲೈನಿನ ಮೇಲೆ ಇನ್ನೇನೋ ಇದೆ: ಮೆಟ್ಟಿಲ ದೀಪ, ಗೇಟಿನ ದೀಪ, ಇಲ್ಲವೇ ಎಲ್ಲೋ ಸೋರಿಕೆ. ಮಾಲೀಕರ ಎದುರಲ್ಲೇ ನೀರಿನ ಮೋಟಾರು ಹಾಕಿಸಿ ನೋಡಿ. ಮಿನುಗು ಸರಸರನೆ ಏರಿದರೆ ಮೋಟಾರು ಬಾಡಿಗೆದಾರನ ಮೀಟರಿನ ಮೇಲೆ ಕೂತಿದೆ ಎಂದೇ ಅರ್ಥ. ಒಂದು ಎಚ್.ಪಿ. ಮೋಟಾರು ದಿನಕ್ಕೆ ಅರ್ಧ ಗಂಟೆ ಓಡಿದರೂ ತಿಂಗಳಿಗೆ ಸುಮಾರು 15 ಯೂನಿಟ್. ಮೂರು ಮನೆಯ ನೀರಿಗೆ ಒಬ್ಬನ ಹಣ! ಇದು ಬೇಕೆಂದೇ ಮಾಡಿದ್ದು ಎನ್ನಲಾಗದು; ವೈರಿಂಗ್ ಮಾಡಿದವನು ಹತ್ತಿರ ಸಿಕ್ಕ ವೈರಿಗೆ ಜೋಡಿಸಿ ಹೋಗಿರುವುದೂ ಉಂಟು. ಮೇನ್ ಸ್ವಿಚ್ಚನ್ನೇ ಆರಿಸಿದ ಮೇಲೂ ಮಿನುಗುತ್ತಿದ್ದರೆ, ಮೀಟರು ಕೆಟ್ಟಿದೆ ಅಥವಾ ಮೀಟರಿಗೂ ಸ್ವಿಚ್ಚಿಗೂ ನಡುವೆ ಯಾರೋ ಲೈನು ಎಳೆದಿದ್ದಾರೆ. ಡಬ್ಬಿ ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್ನನದು. ಬಾಡಿಗೆದಾರ ಕೈಹಾಕಬಾರದು.

ಎರಡನೆಯದು ಮೀಟರಿನ ವೇಗದ ಪರೀಕ್ಷೆ. ಬಕೆಟ್ಟಿನಲ್ಲಿ ನೀರು ಕಾಯಿಸುವ 1000 ವ್ಯಾಟಿನ ಕಾಯಿಲ್ಲು ಒಂದನ್ನೇ ಹಾಕಿ. ಗಂಟೆಗೆ ಒಂದು ಯೂನಿಟ್, ಅರ್ಧ ಗಂಟೆಗೆ ಅರ್ಧ ಯೂನಿಟ್ ಆಗಬೇಕು. ಇಸ್ತ್ರಿಪೆಟ್ಟಿಗೆ ಬೇಡ, ಅದು ಬಿಸಿಯಾದ ಮೇಲೆ ತಾನೇ ಆರಿ ಹೊತ್ತಿಕೊಳ್ಳುತ್ತದೆ. ಮೀಟರಿನ ಮೇಲೆ 3200 imp/kWh ಎಂದು ಬರೆದಿದ್ದರೆ ಒಂದು ಯೂನಿಟ್ಟಿಗೆ ಕೆಂಪು ದೀಪ 3200 ಸಾರಿ ಮಿನುಗುತ್ತದೆ. ಈ ಕಾಯಿಲ್ಲಿಗೆ ನಿಮಿಷಕ್ಕೆ ಸುಮಾರು 53. ಸಂಜೆ ವೋಲ್ಟೇಜು ಇಳಿದಾಗ 45 ಬಂದರೂ ಆಶ್ಚರ್ಯವಿಲ್ಲ. 70 ಬಂದರೆ ಮಾತ್ರ ಮೀಟರಿನ ಮೇಲೆ ಅನುಮಾನ ಪಡಬೇಕು. ಆಗ ಹೊಸ ಸಣ್ಣ ಮೀಟರು ಹಾಕಿಸಿ ಎನ್ನುವುದು ನ್ಯಾಯವಾದ ಬೇಡಿಕೆ.

ಕಾನೂನು ಏನೆನ್ನುತ್ತದೆ?

2003ರ ವಿದ್ಯುತ್ ಕಾಯ್ದೆಯ 12ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಯಾರೂ ವಿದ್ಯುತ್ ವಿತರಣೆ, ವ್ಯಾಪಾರ ಮಾಡುವಂತಿಲ್ಲ. ಒಂದೇ ಸೂರಿನಡಿಯ ಖರ್ಚನ್ನು ಹಂಚಿಕೊಳ್ಳುವುದು ಒಂದು, ಯೂನಿಟ್ಟಿನ ಮೇಲೆ ಲಾಭ ಇಟ್ಟು ಮಾರುವುದು ಇನ್ನೊಂದು. ಬ್ರಿಟನ್ನಿನಲ್ಲಿ ಈ ಗೆರೆಯನ್ನು ನೇರವಾಗಿಯೇ ಎಳೆದಿದ್ದಾರೆ: ಮಾಲೀಕ ತಾನು ಕೊಟ್ಟ ರೇಟಿಗಿಂತ ಹೆಚ್ಚಿಗೆ ಬಾಡಿಗೆದಾರನಿಂದ ವಸೂಲು ಮಾಡುವಂತಿಲ್ಲ. ದೆಹಲಿಯಲ್ಲಿ ಬಿಟ್ಟಿ ಕರೆಂಟು ಬಂದಾಗ ಇದೇ ರಗಳೆ ಎದ್ದು, 2019ರ ಸೆಪ್ಟೆಂಬರ್‌ನಲ್ಲಿ ಬಾಡಿಗೆ ಕರಾರು ತೋರಿಸಿದ ಬಾಡಿಗೆದಾರನಿಗೇ ಪ್ರೀಪೇಯ್ಡ್ ಮೀಟರು ಕೊಡುವ ಯೋಜನೆ ತಂದರು.

ನಮ್ಮಲ್ಲೂ ದಾರಿ ಇಲ್ಲವೆಂದಲ್ಲ. ಅದೇ ಕಾಯ್ದೆಯ 43ನೇ ಕಲಮಿನಲ್ಲಿ ಕಟ್ಟಡದ ಮಾಲೀಕ ಮಾತ್ರವಲ್ಲ, ಅಲ್ಲಿ ವಾಸವಿರುವವನೂ ಸಂಪರ್ಕ ಕೇಳಬಹುದು ಎಂದಿದೆ. ಆದರೆ ಕಾಗದದ ಮೇಲಿನ ಹಕ್ಕಿಗೂ ಕಚೇರಿಯ ಕಿಟಕಿಗೂ ದೂರವಿದೆ. ಮಾಲೀಕರ ಒಪ್ಪಿಗೆ ಪತ್ರವಿಲ್ಲದೆ ಅರ್ಜಿ ಮುಂದೆ ಹೋಗುವುದು ಕಷ್ಟ. ಜೊತೆಗೆ 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟು ತೀರ್ಪಿನ ನಂತರ ಹೊಸ ಸಂಪರ್ಕಕ್ಕೆ ಕಟ್ಟಡದ ಸ್ವಾಧೀನಾನುಭವ ಪತ್ರದ ಪ್ರಶ್ನೆಯೂ ಎದ್ದಿದೆ. ಮೀಟರಿಗೆ ಹಣ ಕಟ್ಟುವ ಮೊದಲು ಸೆಸ್ಕ್ ಉಪವಿಭಾಗದ ಕಚೇರಿಯಲ್ಲಿ ತಮ್ಮ ಮನೆಗೆ ಯಾವ ಕಾಗದ ಬೇಕು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಅಂಗಡಿಯವರಿಗೆ ಒಂದು ಎಚ್ಚರಿಕೆ. ಮನೆಯ ಮುಂಭಾಗದ ಕೋಣೆಯಲ್ಲಿ ಅಂಗಡಿ ಇಟ್ಟು ಗೃಹಬಳಕೆ ಮೀಟರಿನಿಂದ ಸಬ್‌ಮೀಟರು ಎಳೆದುಕೊಂಡಿದ್ದರೆ ಅದು ಬರೀ ರೇಟಿನ ತಗಾದೆಯಲ್ಲ. ಮಂಜೂರಾದ ಉದ್ದೇಶ ಬಿಟ್ಟು ಬೇರೆ ಉದ್ದೇಶಕ್ಕೆ ಕರೆಂಟು ಬಳಸಿದರೆ 126ನೇ ಕಲಮಿನಡಿ ದರದ ಎರಡು ಪಟ್ಟು ಹಾಕಬಹುದು; ಎಂದಿನಿಂದ ಎಂಬುದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳ ಲೆಕ್ಕ ಹಿಡಿಯುತ್ತಾರೆ. ನೋಟಿಸು ಮಾಲೀಕರ ಹೆಸರಿಗೆ ಬರುತ್ತದೆ, ಹಣ ಮಾತ್ರ ಯಾರು ಕಟ್ಟಬೇಕೆಂದು ಇಬ್ಬರೂ ಠಾಣೆ ಮೆಟ್ಟಿಲು ಹತ್ತುತ್ತಾರೆ. ಅಂಗಡಿಗೆ ಬೇರೆ ಮೀಟರೇ ಕ್ಷೇಮ.

ಈ ರಾಜ್ಯದಲ್ಲಿ ಮೊದಲು ದೊಡ್ಡದಾಗಿ ಕರೆಂಟು ಹುಟ್ಟಿದ್ದು ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ, 1902ರಲ್ಲಿ. ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದ ನಾಡಿನಲ್ಲಿ, ಇಂದು ಕೆಳಮನೆಯಿಂದ ಮೇಲ್ಮನೆಗೆ ಹೋಗುವ ಹತ್ತು ಅಡಿ ತಂತಿಯ ಲೆಕ್ಕ ಬಗೆಹರಿಯುತ್ತಿಲ್ಲ.

ಬಗೆಹರಿಸಲು ಬೇಕಾದದ್ದು ದೊಡ್ಡದೇನಲ್ಲ. ಬಾಡಿಗೆ ಕರಾರಿನಲ್ಲಿ ಮೂರು ಸಾಲು ಸಾಕು: ಮನೆ ಹೊಕ್ಕ ದಿನದ ರೀಡಿಂಗು, ನಿಗದಿತ ಶುಲ್ಕ ಕಳೆದು ಉಳಿದ ದೊಡ್ಡ ಬಿಲ್ಲನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿ ಬಂದದ್ದೇ ರೇಟು ಎಂಬ ಮಾತು, ನಿಗದಿತ ಶುಲ್ಕ ಮತ್ತು ಮೋಟಾರು ಯಾರಿಗೆಷ್ಟು ಪಾಲು ಎಂಬುದು. ತಿಂಗಳಿಗೊಮ್ಮೆ ಸಣ್ಣ ಮೀಟರಿನ ಫೋಟೋ, ದೊಡ್ಡ ಬಿಲ್ಲಿನ ಫೋಟೋ ಎರಡನ್ನೂ ಒಂದೇ ಸಾರಿ ಕಳಿಸಿದರೆ ಮಾಲೀಕರಿಗೆ ಆಗುವ ನಷ್ಟವೇನೂ ಇಲ್ಲ. ಬಿಲ್ಲು ಸೊನ್ನೆ ಬಂದ ತಿಂಗಳೂ ಅದನ್ನು ಕಳಿಸುತ್ತಾರೋ ಇಲ್ಲವೋ, ನಂಬಿಕೆಯ ಮಾತು ಬರುವುದು ಅಲ್ಲಿ.